ತುರ್ತು: ಫೋನ್ ಬದಲಾಗಿ ಎಸ್‌ಎಸ್‌ಒ ಅಕೌಂಟ್ ಲಾಕ್ ಆಗಿದೆ, ಇಂದು ಸಂಜೆ 4ರೊಳಗೆ ತೆರೆಯಬೇಕು

ನಮಸ್ಕಾರ,

ನಾನು ಪೇರೋಲ್ ತಂಡದ ವಿದ್ಯಾ, ಎಂಪ್ಲಾಯಿ ಐಡಿ 20417. ಶಿರಸಿಯ ಹುಲೇಕಲ್ ಹತ್ತಿರ ಮನೆಯಿಂದಲೇ ಕೆಲಸ ಮಾಡುತ್ತೇನೆ. ಇಂದು, ಜುಲೈ 29, ಬೆಳಿಗ್ಗೆ 9:20ರಿಂದ ಸಿಂಗಲ್ ಸೈನ್ ಆನ್‌ನಲ್ಲಿ ಲಾಗಿನ್ ಆಗುತ್ತಿಲ್ಲ. ಆಫೀಸ್ ಮೇಲ್ ಕೂಡ ಅದರಿಂದಲೇ ತೆರೆಯಬೇಕಲ್ವಾ, ಹಾಗಾಗಿ ನನ್ನ ಸ್ವಂತ ಮೇಲ್‌ನಿಂದ ಬರೆಯುತ್ತಿದ್ದೇನೆ. ನಮ್ಮ ಮ್ಯಾನೇಜರ್ ಸಿಸಿಯಲ್ಲಿದ್ದಾರೆ.

ನಿನ್ನೆ ಸಂಜೆ ಮಳೆಗೆ ಸಿಕ್ಕಿ ಹಳೆ ಫೋನ್ ಆಫ್ ಆಯಿತು, ಮತ್ತೆ ಆನ್ ಆಗಲೇ ಇಲ್ಲ. ಪೇಟೆಯಲ್ಲಿ ಹೊಸ ಫೋನ್ ತೆಗೆದುಕೊಂಡೆ. ಸಿಮ್, ನಂಬರ್ ಹಳೆಯವೇ. ಆದರೆ ಅದರಲ್ಲಿ ಅಥೆಂಟಿಕೇಟರ್ ಆ್ಯಪ್ ಹಾಕಿದರೆ ಕಂಪನಿಯ ಅಕೌಂಟ್ ಬಂದಿಲ್ಲ.

ಪಾಸ್‌ವರ್ಡ್ ಸರಿಯಾಗಿದೆ, ಅದನ್ನು ಕೊಟ್ಟ ಮೇಲೆ ಆರಂಕಿಯ ಕೋಡ್ ಕೇಳುತ್ತದೆ. ಅಲ್ಲಿ ಡೈರಿಯಲ್ಲಿ ಬರೆದಿಟ್ಟಿದ್ದ ರಿಕವರಿ ಕೋಡ್ ಹಾಕಿದೆ. ಶಾಯಿ ಹರಡಿ ಒಂದು ಅಕ್ಷರ 5 ಇರಬಹುದೋ S ಇರಬಹುದೋ ತಿಳಿಯಲಿಲ್ಲ. ಎರಡೂ ರೀತಿ ಹಾಕಿದೆ, ಆಗಲಿಲ್ಲ. ಮೂರನೇ ಸಲ ಹೀಗೆ ಬಂತು:

```
Your account is locked. Please contact your administrator.
```

ಆಮೇಲೆ ಪ್ರಯತ್ನ ಮಾಡಿಲ್ಲ, ಸುಮ್ನೆ ಲಾಕ್ ಜಾಸ್ತಿ ಹೊತ್ತು ಆಗುವುದು ಬೇಡ ಅಂತ. ಇಂಟರ್ನೆಟ್ ಸರಿ ಇದೆ, ಲ್ಯಾಪ್‌ಟಾಪ್ ತೆರೆಯುತ್ತಿದೆ. ವಿಪಿಎನ್ ಮಾತ್ರ ಇದೇ ಲಾಗಿನ್ ಕೇಳುವುದರಿಂದ ಸೇರುತ್ತಿಲ್ಲ.

ಬರೀ ಲಾಕ್ ತೆಗೆದರೆ ಸಾಲದು, ಮತ್ತೆ ಕೋಡ್ ಕೇಳಿ ಅಲ್ಲೇ ನಿಲ್ಲುತ್ತದೆ. ದಯವಿಟ್ಟು ಮೊದಲು ಹಳೆ ಫೋನನ್ನು ನನ್ನ ಅಕೌಂಟ್‌ನಿಂದ ತೆಗೆದು, ಅದರಲ್ಲಿ ತೆರೆದಿರುವ ಲಾಗಿನ್‌ಗಳನ್ನೆಲ್ಲ ಮುಚ್ಚಿ. ಆ ಫೋನ್ ಈಗ ರಿಪೇರಿ ಅಂಗಡಿಯಲ್ಲಿದೆ. ಅಲ್ಲಿ ಆನ್ ಆದರೆ ಸಂಬಳದ ಮಾಹಿತಿ ತೆರೆಯುವ ಕೋಡ್ ಬೇರೆಯವರ ಕೈಯಲ್ಲಿ ಇದ್ದಂತಾಗುತ್ತದೆ, ಅದೇ ನನಗೆ ಹೆಚ್ಚಿನ ಚಿಂತೆ. ಆಮೇಲೆ ಹೊಸ ಫೋನ್ ಸೇರಿಸಲು ಕ್ಯೂಆರ್ ಕೋಡ್ ಬರುವಂತೆ ಮಾಡಿ, ಹಳೆ ರಿಕವರಿ ಕೋಡ್‌ಗಳನ್ನೂ ರದ್ದು ಮಾಡಿ.

ನಾನೇ ಹೌದೋ ಅಲ್ಲವೋ ಎಂದು ಖಚಿತ ಮಾಡಿಕೊಳ್ಳಲು ಎಚ್‌ಆರ್ ದಾಖಲೆಯಲ್ಲಿರುವ ನಂಬರಿಗೆ ಫೋನ್ ಮಾಡಿ. ಈ ಮಳೆಗೆ ಇಲ್ಲಿ ಸಿಗ್ನಲ್ ಹೋಗಿ ಬರುತ್ತಿದೆ, ಎಸ್‌ಎಂಎಸ್ ತಡವಾಗಿ ಬರುತ್ತದೆ. ಕರೆ ಸಿಗದಿದ್ದರೆ ಮ್ಯಾನೇಜರ್ ಇರುವ ವಿಡಿಯೋ ಕರೆಗೆ ಲಿಂಕ್ ಕಳಿಸಿ, ಐಡಿ ಕಾರ್ಡ್ ತೋರಿಸುತ್ತೇನೆ. ಪಾಸ್‌ವರ್ಡ್ ಆಗಲಿ ಕೋಡ್ ಆಗಲಿ ಮೇಲ್‌ನಲ್ಲಿ ಬರೆಯುವುದಿಲ್ಲ.

ಇಷ್ಟು ತುರ್ತು ಯಾಕೆಂದರೆ, ಈ ತಿಂಗಳ ಸಂಬಳದ ಫೈಲ್ ಇಂದು ಸಂಜೆ 4ರೊಳಗೆ ಬ್ಯಾಂಕಿಗೆ ಹೋಗಬೇಕು. ಅದನ್ನು ಅಪ್ರೂವ್ ಮಾಡುವ ಇನ್ನೊಬ್ಬರು ರಜೆಯಲ್ಲಿದ್ದಾರೆ. ಫೈಲ್ ಹೋಗದಿದ್ದರೆ ನಾಡಿದ್ದು 212 ಜನರಿಗೆ ಸಂಬಳ ಬೀಳುವುದಿಲ್ಲ. ಅಷ್ಟರೊಳಗೆ ಆಗದು ಅನ್ನಿಸಿದರೆ ಮಧ್ಯಾಹ್ನ 1 ಗಂಟೆಗೇ ತಿಳಿಸಿಬಿಡಿ. ಬೇರೆಯವರಿಗೆ ಅನುಮತಿ ಕೊಡಿಸಲು ಮ್ಯಾನೇಜರ್‌ಗೆ ಎರಡು ತಾಸಾದರೂ ಬೇಕು.

ವಿದ್ಯಾ
ಪೇರೋಲ್ ತಂಡ