ಸವಿತಾ ಅವರ ಸಂಬಳ ಏರಿಕೆಗೆ ಶಿಫಾರಸು

ದಿನಾಂಕ: 12 ಮಾರ್ಚ್ 2025, ಮಂಡ್ಯ
ಗೆ: ಶೋಭಾ ಮೇಡಂ, ಎಚ್‌ಆರ್ ವಿಭಾಗ
ಇಂದ: ನಾಗರಾಜು, ಮ್ಯಾನೇಜರ್, ಕ್ವಾಲಿಟಿ ವಿಭಾಗ
ವಿಷಯ: ಕ್ವಾಲಿಟಿ ಅಸಿಸ್ಟೆಂಟ್ ಸವಿತಾ ಅವರ ಸಂಬಳವನ್ನು ತಿಂಗಳಿಗೆ 19,200 ರೂಪಾಯಿಯಿಂದ 23,500ಕ್ಕೆ ಏರಿಸುವ ಕುರಿತು

ಮೇಡಂ, ನಮಸ್ಕಾರ.

ಈ ವರ್ಷ ಎಲ್ಲರಿಗೂ ಶೇ 8ರಷ್ಟು ಏರಿಕೆ ಎಂದು ನೀವು ತಿಳಿಸಿದ್ದೀರಿ. ನನ್ನ ವಿಭಾಗದ ಆರು ಜನರಲ್ಲಿ ಐವರಿಗೆ ಅದು ಸರಿ, ನನ್ನ ತಕರಾರಿಲ್ಲ. ಸವಿತಾ ಅವರೊಬ್ಬರ ವಿಷಯದಲ್ಲಿ ಮಾತ್ರ ಅದು ಸಾಲದು. ಈ ಕೆಲಸಕ್ಕೆ ಬಂದು ನಾಲ್ಕು ವರ್ಷದಲ್ಲಿ ಹೀಗೆ ಒಬ್ಬರ ಹೆಸರು ಹಿಡಿದು ನಾನು ಬರೆಯುತ್ತಿರುವುದು ಇದೇ ಮೊದಲು.

ಬೆಲ್ಲದ ಪುಡಿ ಗಂಟು ಕಟ್ಟಿಕೊಂಡು ವಾಪಸ್ ಬರುತ್ತಿದ್ದದ್ದು ನಿಮಗೂ ನೆನಪಿರಬೇಕು. 2023ರಲ್ಲಿ ಹಾಗೆ 11 ಲಾಟ್ ವಾಪಸ್ ಬಂದವು. ಮಳೆಗಾಲದ ಬೆಲ್ಲ, ತೇವ ಜಾಸ್ತಿ, ಆಲೆಮನೆಯವರು ಪಾಕ ಸರಿಯಾಗಿ ಇಳಿಸಿಲ್ಲ ಅಂತ ನಾವೆಲ್ಲ ಅಂದುಕೊಂಡಿದ್ದೆವು. ನಾನೂ ಹಾಗೇ ನಂಬಿದ್ದೆ. ಸವಿತಾ ನಂಬಲಿಲ್ಲ. ವಾಪಸ್ ಬಂದ ಪ್ರತಿ ಪೊಟ್ಟಣದ ಮೇಲಿನ ಸಮಯವನ್ನು ಒಂದು ಹಳೇ ರಿಜಿಸ್ಟರಿನಲ್ಲಿ ಬರೆಯುತ್ತಾ ಹೋದರು. ಮೂರು ತಿಂಗಳಾದ ಮೇಲೆ ಆ ಪುಸ್ತಕ ತಂದು ನನ್ನ ಮೇಜಿನ ಮೇಲಿಟ್ಟರು. ಗಂಟು ಕಟ್ಟಿದ್ದರಲ್ಲಿ ಹೆಚ್ಚಿನವು ಎರಡನೇ ಶಿಫ್ಟಿನ ಮೊದಲ ಒಂದೂವರೆ ಗಂಟೆಯಲ್ಲಿ ಪ್ಯಾಕ್ ಆದವು. ಮಧ್ಯಾಹ್ನ ಡ್ರೈಯರಿನಿಂದ ತೆಗೆದ ಪುಡಿ ಆಗ ಇನ್ನೂ ಬಿಸಿಯಾಗಿರುತ್ತಿತ್ತು. ಬಿಸಿ ಪುಡಿಯನ್ನು ಕವರಿಗೆ ತುಂಬಿ ಸೀಲ್ ಮಾಡಿದರೆ ಒಳಗೇ ಹಬೆ ಆಡಿ ನೀರಾಗುತ್ತದೆ. ಬೆಲ್ಲ ಆ ನೀರನ್ನು ಹೀರಿಕೊಂಡು ಗಟ್ಟಿಯಾಗುತ್ತದೆ. ತಪ್ಪು ಆಲೆಮನೆಯದಲ್ಲ, ನಮ್ಮದೇ.

ಈಗ ಪುಡಿಯನ್ನು ತಟ್ಟೆಗಳಲ್ಲಿ ಹರಡಿ, ನಾಲ್ಕು ಗಂಟೆ ಆರಲು ಬಿಟ್ಟು, ಆಮೇಲೆ ಜರಡಿ ಹಿಡಿದು ಪ್ಯಾಕ್ ಮಾಡುತ್ತೇವೆ. ಇದಕ್ಕೆ ಒಂದು ಪೈಸೆಯೂ ಖರ್ಚಾಗಲಿಲ್ಲ, ಶಿಫ್ಟಿನ ಕೆಲಸ ಹಿಂದೆ ಮುಂದೆ ಮಾಡಿದೆವು ಅಷ್ಟೇ. 2024ರಲ್ಲಿ ವಾಪಸ್ ಬಂದದ್ದು 3 ಲಾಟ್.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಕಳೆದ ಆಗಸ್ಟಿನಲ್ಲಿ ಹೊಸ ಡ್ರೈಯರ್ ಬಂತು, ಅದರಿಂದಲೂ ಅನುಕೂಲ ಆಗಿದೆ. ಹಾಗಾಗಿ ಪೂರ್ತಿ ಉಳಿತಾಯವನ್ನು ಸವಿತಾ ಅವರ ಲೆಕ್ಕಕ್ಕೇ ಬರೆಯುವುದು ಸರಿಯಲ್ಲ. ಒಂದು ಲಾಟ್ ವಾಪಸ್ ಬಂದರೆ ಲಾರಿ ಬಾಡಿಗೆ, ಮತ್ತೆ ಜರಡಿ ಹಿಡಿಯುವ ಕೂಲಿ, ಹೊಸ ಕವರು ಎಲ್ಲ ಸೇರಿ ನಮಗೆ ಸುಮಾರು 38,000 ರೂಪಾಯಿ ಖರ್ಚಾಗುತ್ತದೆ. ಎಂಟು ಲಾಟಿಗೆ 3,04,000. ಅದರಲ್ಲಿ ಅರ್ಧ ಡ್ರೈಯರಿಗೇ ಬಿಟ್ಟರೂ 1,52,000 ರೂಪಾಯಿ ಉಳಿಯುತ್ತದೆ.

ಇನ್ನೊಂದು ಕೆಲಸ ಲೆಕ್ಕಕ್ಕೆ ಸುಲಭವಾಗಿ ಸಿಗುವುದಿಲ್ಲ, ಆದರೆ ನನ್ನ ಕಣ್ಣಿಗೆ ಅದೇ ದೊಡ್ಡದು. ಬೆಲ್ಲ ಹಳದಿಯಾಗಿ ಹೊಳೆದರೆ ಮಾರುಕಟ್ಟೆಯಲ್ಲಿ ರೇಟು ಹೆಚ್ಚು. ಅದಕ್ಕೇ ಕೆಲವರು ಕೊಪ್ಪರಿಗೆಗೆ ಹೈಡ್ರೋಸ್ ಹಾಕುತ್ತಾರೆ. ನಮಗೆ ಬೇಕಿರುವುದು ಹೈಡ್ರೋಸ್ ಇಲ್ಲದ ಕಂದು ಬೆಲ್ಲ. ಬರೀ ಲ್ಯಾಬ್ ರಿಪೋರ್ಟ್ ತೋರಿಸಿ ಮಾಲು ವಾಪಸ್ ಕಳಿಸುತ್ತಿದ್ದಾಗ ಆಲೆಮನೆಯವರು ಮುನಿಸಿಕೊಂಡು ನಮ್ಮ ಕಡೆ ತಲೆ ಹಾಕುತ್ತಿರಲಿಲ್ಲ. ಸವಿತಾ ಸ್ಕೂಟರ್ ಹತ್ತಿ ಮದ್ದೂರು, ಪಾಂಡವಪುರ ಕಡೆಯ ಆಲೆಮನೆಗಳಿಗೆ ತಾವೇ ಹೋದರು. ಗಾಣದ ಪಕ್ಕ ಕೂತು ಮಾತಾಡಿದರು. "ಬಣ್ಣ ನೋಡಿ ನಾವು ಕಾಸು ಹಿಡಿಯಲ್ಲ ಅಣ್ಣ, ಹೈಡ್ರೋಸ್ ಮಾತ್ರ ಹಾಕ್ಬೇಡಿ" ಎಂದು ಅವರು ಹೇಳಿದ್ದನ್ನು ನಾನೇ ಪಕ್ಕದಲ್ಲಿ ನಿಂತು ಕೇಳಿದ್ದೇನೆ. ಕೊಳೆ ತೆಗೆಯಲು ಹಿಂದಿನವರು ಬಳಸುತ್ತಿದ್ದ ಬೆಂಡೆ ಗಿಡದ ಲೋಳೆಯನ್ನು ಮತ್ತೆ ಬಳಸುವಂತೆ ಕೆಲವರನ್ನು ಒಪ್ಪಿಸಿದರು. ಕೊಟ್ಟ ಮಾತು ಉಳಿಯಬೇಕಲ್ವಾ? ನಮ್ಮ ರೇಟ್ ಶೀಟಿನಿಂದ ಬಣ್ಣದ ಕಡಿತ ತೆಗೆಸಲು ಪರ್ಚೇಸ್ ವಿಭಾಗದ ಹಿಂದೆ ಒಂದು ತಿಂಗಳು ಬಿದ್ದರು. ಆಗ ನಮಗೆ ಬೆಲ್ಲ ಕೊಡುತ್ತಿದ್ದ ಆಲೆಮನೆಗಳು 14. ಈಗ 22.

ಕೊರತೆ ಇಲ್ಲ ಎಂದೇನೂ ನಾನು ಹೇಳುವುದಿಲ್ಲ. ತಿಂಗಳ ರಿಪೋರ್ಟ್ ಎರಡು ಮೂರು ದಿನ ತಡವಾಗುತ್ತದೆ. ತಮ್ಮ ಕೆಲಸವನ್ನು ಬೇರೆಯವರಿಗೆ ಹಂಚಿ ಮಾಡಿಸುವುದು ಇನ್ನೂ ಅವರಿಗೆ ಬರುವುದಿಲ್ಲ. ಅದಕ್ಕೇ ಸೂಪರ್‌ವೈಸರ್ ಹುದ್ದೆಗೆ ಈಗಲೇ ಶಿಫಾರಸು ಮಾಡುತ್ತಿಲ್ಲ. ಅದು ಮುಂದಿನ ವರ್ಷದ ಮಾತು. ಈಗ ಕೇಳುತ್ತಿರುವುದು ಮಾಡಿದ ಕೆಲಸಕ್ಕೆ ತಕ್ಕ ಸಂಬಳ ಮಾತ್ರ.

ಕಳೆದ ನವೆಂಬರಿನಲ್ಲಿ ಇದೇ ದರ್ಜೆಗೆ ಒಂದು ವರ್ಷದ ಅನುಭವ ಇರುವವರನ್ನು 22,000ಕ್ಕೆ ತೆಗೆದುಕೊಂಡೆವು. ಆ ಹುಡುಗನಿಗೆ ಕೆಲಸ ಕಲಿಸಿದವರು ಸವಿತಾ. ಅವರಿಗಿಲ್ಲಿ ಐದು ವರ್ಷವಾಗಿದೆ. ಸಂಬಳದ ಸುದ್ದಿ ಎಷ್ಟು ದಿನ ಮುಚ್ಚಿಟ್ಟರೂ ಊಟದ ಹಾಲಿನಲ್ಲಿ ಗೊತ್ತಾಗಿಯೇ ಆಗುತ್ತದೆ. ಬೇರೆ ಕಂಪನಿಯ ಆಫರ್ ಲೆಟರ್ ಅವರು ತಂದಿಲ್ಲ, ಬಿಡುತ್ತೇನೆ ಎಂದೂ ಅಂದಿಲ್ಲ. ಅವರು ತರುವವರೆಗೆ ನಾವು ಕಾಯಬಾರದು ಎಂಬುದು ನನ್ನ ಆಸೆ. ಮಂಡ್ಯದಿಂದ ಬೆಳಿಗ್ಗೆ ರೈಲು ಹತ್ತಿದರೆ ಮೈಸೂರೂ ದೂರವಿಲ್ಲ, ಬಿಡದಿಯೂ ದೂರವಿಲ್ಲ.

ಖರ್ಚಿನ ವಿಷಯ. ಶೇ 8 ಸೇರಿಸಿದರೆ ಅವರ ಸಂಬಳ ಹೇಗೂ 20,736 ಆಗುತ್ತದೆ. ಅದರ ಮೇಲೆ ನಾನು ಕೇಳುತ್ತಿರುವುದು ತಿಂಗಳಿಗೆ 2,764, ವರ್ಷಕ್ಕೆ 33,168 ರೂಪಾಯಿ. ಪಿಎಫ್‌ನಲ್ಲಿ ಕಂಪನಿಯ ಪಾಲು ಏನಾದರೂ ಹೆಚ್ಚಾದರೆ ಅದು ಬೇರೆ. ಒಂದೇ ಒಂದು ಲಾಟ್ ವಾಪಸ್ ಬಂದರೆ ಆಗುವ ನಷ್ಟಕ್ಕಿಂತ ಇದು ಕಡಿಮೆ.

ಒಂದು ಕಡೆ ಮಾತ್ರ ನಿಮ್ಮ ಸಹಾಯ ಬೇಕು. 23,500 ಆದರೆ ಇಎಸ್‌ಐನ 21,000 ಮಿತಿ ದಾಟುತ್ತದೆ. ತಾಯಿಯನ್ನು ಇಎಸ್‌ಐ ಆಸ್ಪತ್ರೆಗೆ ಕರೆದೊಯ್ಯಲು ಸವಿತಾ ತಿಂಗಳಿಗೆ ಒಂದು ಅರ್ಧ ದಿನ ರಜೆ ಹಾಕುವುದು ನಿಮಗೂ ಗೊತ್ತು. ಏಪ್ರಿಲ್ 1ಕ್ಕೇ ಪೂರ್ತಿ ಏರಿಸಿದರೆ ಇಎಸ್‌ಐ ವಂತಿಗೆಯ ಅವಧಿಯ ಶುರುವಿನಲ್ಲೇ ಅವರು ಇಎಸ್‌ಐನಿಂದ ಹೊರಗೆ ಬೀಳುತ್ತಾರೆ. ಅದರ ಬದಲು ಎಲ್ಲರ ಜೊತೆ ಶೇ 8 ಏಪ್ರಿಲ್ 1ರಿಂದ, ಉಳಿದ 2,764 ಮೇ 1ರಿಂದ ಕೊಡಬಹುದೇ? ಹಾಗೆ ಮಾಡಿದರೆ ಸೆಪ್ಟೆಂಬರ್ 30ರವರೆಗೆ ವಂತಿಗೆ ಕಟ್ಟುತ್ತೇವೆ, ಆಸ್ಪತ್ರೆಯ ಸೌಲಭ್ಯ 2026ರ ಜೂನ್‌ವರೆಗೆ ಸಿಗುತ್ತದೆ ಎಂದು ನನ್ನ ಲೆಕ್ಕ. ಈ ನಿಯಮ ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ದಯವಿಟ್ಟು ಒಮ್ಮೆ ನೋಡಿ. ಅಷ್ಟರೊಳಗೆ ನಮ್ಮ ಗ್ರೂಪ್ ಇನ್ಶೂರೆನ್ಸಿಗೆ ತಾಯಿಯನ್ನೂ ಸೇರಿಸಲು ಆಗುತ್ತದೆಯೇ ವಿಚಾರಿಸಿ. ಸಂಬಳ ಏರಿಸಿ, ಅದನ್ನು ಇನ್ನೊಂದು ಕಡೆಯಿಂದ ಆಸ್ಪತ್ರೆಗೆ ಕಟ್ಟಿಸಿದ ಹಾಗೆ ಆಗಬಾರದು.

ತಾಯಿಯ ವಿಷಯ ಬರೆದದ್ದು ತಾರೀಖು ಗೊತ್ತು ಮಾಡಲು ಮಾತ್ರ. ಮನೆಯ ಕಷ್ಟ ತೋರಿಸಿ ಏರಿಕೆ ಕೇಳುತ್ತಿಲ್ಲ. ಸವಿತಾಗೂ ಅದು ಇಷ್ಟವಾಗುವುದಿಲ್ಲ.

ಈ ಪತ್ರದ ವಿಷಯ ಅವರಿಗೆ ಗೊತ್ತಿಲ್ಲ. ಸುಮ್ನೆ ಆಸೆ ಹುಟ್ಟಿಸುವುದು ಬೇಡ ಎಂದು ನಾನು ಹೇಳಿಲ್ಲ. ನಿಮ್ಮ ಕಡೆಯಿಂದ ಒಪ್ಪಿಗೆ ಬಂದ ಮೇಲೆ, ತಾರೀಖು ಗೊತ್ತು ಮಾಡುವ ಮುನ್ನ, ಇಬ್ಬರೂ ಕೂತು ಅವರನ್ನೇ ಕೇಳೋಣ. ಸೋಮವಾರ ಬೆಳಿಗ್ಗೆ 11ಕ್ಕೆ ನಿಮಗೆ ಬಿಡುವಿದ್ದರೆ ಬರುತ್ತೇನೆ. ಎರಡು ವರ್ಷದ ಲಾಟ್ ಪಟ್ಟಿ, ಸವಿತಾ ಬರೆದ ಆ ಹಳೇ ರಿಜಿಸ್ಟರ್ ಎರಡನ್ನೂ ತರುತ್ತೇನೆ.

ಇಂತಿ,
ನಾಗರಾಜು