ಮಂಡಿಯವರ ಬಿಲ್ ದೂರು: ಇವಿಷ್ಟು ಕೇಳಿ ತಿಳಿಸಿ

ಮಂಜುಳಾ ಅವರೇ,

ಕೋಲಾರ ಎಪಿಎಂಸಿಯ ಟೊಮೆಟೊ ಮಂಡಿಯವರು ನಮ್ಮ ಬಿಲ್ ಆ್ಯಪ್ ಬಗ್ಗೆ ಕೊಟ್ಟ ದೂರು ನೋಡಿದೆ. ‘ಆಗಾಗ ಬಿಲ್ ಸೇವ್ ಆಗಲ್ಲ, ಒಂದೊಂದು ಸಲ ಎರಡೆರಡು ಬರುತ್ತೆ’ ಅಂತಷ್ಟೇ ಇದೆ. ಆಫೀಸಿನ ವೈಫೈನಲ್ಲಿ ನಲವತ್ತು ಬಿಲ್ ಹಾಕಿ ನೋಡಿದೆ. ನಲವತ್ತೂ ಸರಿಯಾಗಿ ಕೂತವು. ಹಾಗಂತ ಅವರು ಸುಮ್ನೆ ಹೇಳುತ್ತಿದ್ದಾರೆ ಅಂತಲ್ಲ. ಹರಾಜಿನ ಗದ್ದಲ ನನ್ನ ಟೇಬಲ್ ಹತ್ತಿರ ಇಲ್ಲ, ಅಷ್ಟೇ.

ಫೋನ್ ಮಾಡಿದಾಗ ‘ಸಾಮಾನ್ಯವಾಗಿ ಯಾವಾಗ ಆಗುತ್ತೆ’ ಅಂತ ಮಾತ್ರ ಕೇಳಬೇಡಿ. ‘ಯಾವಾಗ್ಲೂ ಆಗುತ್ತೆ ಮೇಡಂ’ ಅಂದುಬಿಡುತ್ತಾರೆ. ಕೊನೆಯ ಸಲ ಆದದ್ದು ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಬಾಕ್ಸಿನ ಬಿಲ್? ನೆನಪಿಲ್ಲ ಅಂದರೆ ಗುಮಾಸ್ತರ ಪುಸ್ತಕ ತೆಗೆಸಿ, ಅದರಲ್ಲಿ ಬರೆದೇ ಇರುತ್ತಾರೆ. ಎರಡು ಸಲ ಬಂದ ಒಂದೇ ಒಂದು ಬಿಲ್ಲಿನ ನಂಬರ್ ಸಿಕ್ಕರೂ ಸಾಕು, ಸರ್ವರ್ ಲಾಗ್‌ನಲ್ಲಿ ಹುಡುಕುತ್ತೇನೆ. ನಮ್ಮಲ್ಲಿ ಲಾಗ್ ಉಳಿಯುವುದು 14 ದಿನ ಮಾತ್ರ. ಹಾಗಾಗಿ ಹಳೆಯದು ಬೇಡ, ಈ ವಾರದ್ದು ಕೇಳಿ.

ಸೇವ್ ಒತ್ತಿದ ಮೇಲೆ ಏನು ಕಾಣಿಸಿತು? ಚಕ್ರ ತಿರುಗುತ್ತಲೇ ಇತ್ತಾ, ಇಲ್ಲ ಸೇವ್ ಆಯಿತು ಅಂತ ಬಂದು ಆಮೇಲೆ ಬಿಲ್ ಕಾಣಲಿಲ್ವಾ? ಇವೆರಡೂ ಬೇರೆ ಬೇರೆ ರೋಗ. ಚಕ್ರ ತಿರುಗುವಾಗ ಅವರು ಏನು ಮಾಡಿದರು ಅನ್ನುವುದೇ ನನಗೆ ಎಲ್ಲಕ್ಕಿಂತ ಮುಖ್ಯ. ಮತ್ತೆ ಒತ್ತಿದರಾ? ಕಾಲ್ ಬಂತಾ? ವಾಟ್ಸಾಪ್‌ಗೆ ಹೋಗಿ ಬಂದರಾ? ‘ಮತ್ತೆ ಒತ್ತಿದಿರಾ’ ಅಂತ ನೇರವಾಗಿ ಕೇಳಿದರೆ ತಪ್ಪು ಹೊರಿಸಿದ ಹಾಗಾಗಿ ಇಲ್ಲ ಅನ್ನಬಹುದು. ‘ಆಮೇಲೆ ಏನು ಮಾಡಿದ್ರಿ’ ಅಂತ ಕೇಳಿ, ಅವರೇ ಹೇಳಲಿ.

ನನ್ನ ಅನುಮಾನ ಹೀಗಿದೆ. ಬಿಲ್ ಸರ್ವರ್ ತಲುಪುತ್ತದೆ, ಆದರೆ ‘ತಲುಪಿತು’ ಅನ್ನುವ ಉತ್ತರ ಫೋನಿಗೆ ವಾಪಸ್ ಬರುವಷ್ಟರಲ್ಲಿ ನೆಟ್ ಹೋಗುತ್ತದೆ. ಇವರು ಮತ್ತೆ ಒತ್ತುತ್ತಾರೆ, ಸರ್ವರ್ ಅದನ್ನು ಹೊಸ ಬಿಲ್ ಅಂದುಕೊಳ್ಳುತ್ತದೆ. ಎರಡೆರಡು ಬರುವುದಕ್ಕೆ ಇದು ಸರಿಹೋಗುತ್ತದೆ. ಬಿಲ್ ಮಾಯವಾಗುವುದಕ್ಕೆ ಸರಿಹೋಗಲ್ಲ, ಅದಕ್ಕೇ ಇನ್ನೂ ನಂಬಿಲ್ಲ. ಅವರಿಗೂ ಇದನ್ನು ಹೇಳಬೇಡಿ, ಹೇಳಿದರೆ ‘ಹೌದೌದು, ಹಂಗೇ’ ಅಂದುಬಿಡುತ್ತಾರೆ.

ಉಳಿದವು ಚಿಕ್ಕವು. ಮಂಡಿಯಲ್ಲಿ ಬಿಲ್ ಹಾಕುವ ಫೋನ್ ಎಷ್ಟು, ತೊಂದರೆ ಒಂದರಲ್ಲೇನಾ? ಆ ಫೋನಿನ ಮಾಡೆಲ್, ಆಂಡ್ರಾಯ್ಡ್ ಎಷ್ಟನೆಯದು, ಮತ್ತೆ ನಮ್ಮ ಆ್ಯಪ್‌ನಲ್ಲಿ `Settings` ಒಳಗೆ `About` ಒತ್ತಿದರೆ ಕಾಣುವ ನಂಬರ್. ಯಾವ ಸಿಮ್, ನಿಂತಿದ್ದು ಶೆಡ್ ಒಳಗಾ, ಲೋಡ್ ಮಾಡುವ ಲಾರಿ ಪಕ್ಕದಲ್ಲಾ? ಸರಿಯಾಗಿ ನಡೆದ ದಿನದ ಬಗ್ಗೆಯೂ ಒಂದು ಮಾತು ಕೇಳಿ. ಮಾಲು ಕಡಿಮೆ ಇದ್ದ ದಿನ ತೊಂದರೆಯೇ ಇರಲಿಲ್ಲ ಅಂದರೆ ಅದೇ ದೊಡ್ಡ ಸುಳಿವು.

ಒಂದು ವಿನಂತಿ. ಆ್ಯಪ್ ತೆಗೆದು ಮತ್ತೆ ಹಾಕಿ ಅಂತ ದಯವಿಟ್ಟು ಹೇಳಬೇಡಿ. ಕಳಿಸದೆ ಉಳಿದ ಬಿಲ್‌ಗಳು ಫೋನಿನಲ್ಲೇ ಇದ್ದರೆ ಅವೂ ಅಳಿಸಿಹೋಗುತ್ತವೆ. ಆಮೇಲೆ ಅವರಿಗೂ ಲೆಕ್ಕ ಸಿಗಲ್ಲ, ನನಗೂ ಸುಳಿವು ಸಿಗಲ್ಲ.

ಹರಾಜು ಮುಗಿದ ಮೇಲೆ ಫೋನ್ ಮಾಡಿ, ಬೆಳಿಗ್ಗೆ ಮಾಡಿದರೆ ಬೈಸಿಕೊಳ್ಳುತ್ತೀರಿ. ಈ ಮಧ್ಯೆ ಮತ್ತೆ ಆದರೆ ಪರದೆ ಹಾಗೇ ಬಿಟ್ಟು ಸ್ಕ್ರೀನ್‌ಶಾಟ್ ಕಳಿಸಲಿ. ನಾನು ಸಂಜೆ ಆರರವರೆಗೆ ಸೀಟಿನಲ್ಲೇ ಇರುತ್ತೇನೆ.