ಮೇಲಿನ ಮನೆಗೆ ಬರುವ ಮೊದಲು ಬೇಕಾದ ಕಾಗದಪತ್ರಗಳು

ಮಂಜುನಾಥ್ ಅವರೇ, ನಮಸ್ಕಾರ.

ನೀವು ಹಾಕಿದ ಟೋಕನ್ ಅಡ್ವಾನ್ಸ್ ₹10,000 ನಿನ್ನೆ ಸಂಜೆಯೇ ಖಾತೆಗೆ ಬಂದಿದೆ. ಉಳಿದ ₹50,000 ಕರಾರಿನ ದಿನ ಕೊಟ್ಟರೆ ಸಾಕು. ಗೇಟಿನ ಮೇಲಿದ್ದ ಬಾಡಿಗೆ ಬೋರ್ಡ್ ತೆಗೆದಿದ್ದೇನೆ. ಆಮೇಲೂ ಇಬ್ಬರು ಬಂದು ಕೇಳಿದರು, ಮನೆ ಆಗಿಹೋಯ್ತು ಅಂತ ಹೇಳಿ ಕಳಿಸಿದೆ. ಹಾಗಾಗಿ ಮನೆಯ ವಿಷಯದಲ್ಲಿ ಯೋಚನೆ ಬೇಡ.

ಫೋನಿನಲ್ಲಿ ಐಡಿ ಪ್ರೂಫ್, ಪೊಲೀಸ್ ವೆರಿಫಿಕೇಶನ್ ಅಂತ ಗಡಿಬಿಡಿಯಲ್ಲಿ ಹೇಳಿಬಿಟ್ಟೆ. ಪೊಲೀಸ್ ಅಂದಿದ್ದಕ್ಕೆ ಸುಮಾ ಅವರು ಸ್ವಲ್ಪ ಗಾಬರಿಯಾದರು ಅಂತ ಆಮೇಲೆ ನಮ್ಮ ಮನೆಯವರು ಹೇಳಿದರು. ಅದಕ್ಕೇ ಏನು ಬೇಕು, ಯಾಕೆ ಬೇಕು ಅಂತ ಬಿಡಿಸಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ. ಆಫೀಸಿನಲ್ಲಿ ಗುಮಾಸ್ತನಾಗಿ ರಿಟೈರ್ ಆದವನು ನಾನು, ಕಾಗದದ ವಿಷಯ ಬಂದರೆ ಬೇಗ ಮುಗಿಸಲು ಬರುವುದಿಲ್ಲ.

ಮೊದಲು ಒಂದು ಮಾತು. ಇದು ನಿಮ್ಮ ಮೇಲಿನ ಅನುಮಾನದಿಂದ ಕೇಳುತ್ತಿರುವುದಲ್ಲ. ಹಿಂದೆ ಮೇಲಿನ ಮನೆಯಲ್ಲಿ ಒಬ್ಬ ಡಾಕ್ಟರ್ ದಂಪತಿ ಇದ್ದರು, ಅವರಿಂದಲೂ ಇಷ್ಟೇ ತಗೊಂಡಿದ್ದೆ. ಪಕ್ಕದ ರೂಮಿನಲ್ಲಿದ್ದ ನಮ್ಮ ಸಂಬಂಧಿಕರ ಹುಡುಗನಿಂದಲೂ ತಗೊಂಡಿದ್ದೆ. ಅವನಿಗೆ ಬೇಜಾರಾಯಿತು, ಆದರೂ ಬಿಡಲಿಲ್ಲ. ಒಬ್ಬರಿಗೆ ಬಿಟ್ಟು ಇನ್ನೊಬ್ಬರಿಗೆ ಕೇಳಿದರೆ ಆಗಲೇ ಅದು ಅನುಮಾನ ಆಗುವುದು, ಅಲ್ವಾ?

ದಾವಣಗೆರೆ ನಿಮಗೆ ಹೊಸದು. ಇಲ್ಲಿ ಮೆಡಿಕಲ್, ಇಂಜಿನಿಯರಿಂಗ್ ಕಾಲೇಜುಗಳು, ಆಸ್ಪತ್ರೆಗಳು ಜಾಸ್ತಿ. ನಮ್ಮ ವಿದ್ಯಾನಗರದ ಕಡೆ ವರ್ಷ ವರ್ಷ ಹೊಸ ಮುಖಗಳು ಬರುತ್ತವೆ, ಹೋಗುತ್ತವೆ. ಎದುರುಗಡೆ ಮನೆಯಲ್ಲಿ ಯಾರಿದ್ದಾರೆ ಅಂತ ಪಕ್ಕದವರಿಗೂ ಗೊತ್ತಿರುವುದಿಲ್ಲ. ಯಾವುದೋ ವಿಷಯಕ್ಕೆ ಪೊಲೀಸರು ಬಂದರೆ ಮೊದಲು ಕೇಳುವುದು ಮನೆ ಓನರನ್ನು. ಆಗ 'ಯಾರೋ ಸಿಂಧನೂರು ಕಡೆಯವರಂತೆ' ಅಂತ ಹೇಳಿದರೆ ನನಗೂ ಮರ್ಯಾದೆ ಅಲ್ಲ, ನಿಮಗೂ ಅಲ್ಲ. ನಿಮ್ಮ ಫಾರಂ ಸ್ಟೇಷನ್ನಿನಲ್ಲಿ ಇದ್ದರೆ ಮಾತು ಅಲ್ಲಿಗೇ ಮುಗಿಯುತ್ತದೆ. ನಾಳೆ ನೀವು ಈ ವಿಳಾಸದಿಂದ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿದರೂ ವಿಚಾರಣೆಗೆ ಬರುವುದು ಇದೇ ಮನೆಗೆ. ಆಗಲೂ ಈ ಕಾಗದ ನಿಮ್ಮ ಪರವಾಗಿಯೇ ಇರುತ್ತದೆ.

ಈಗ ಕಾಗದಗಳಿಗೆ ಬರೋಣ.

ನಿಮ್ಮದು, ಸುಮಾ ಅವರದು, ನಿಮ್ಮ ತಾಯಿಯವರದು, ಮೂವರದೂ ಒಂದೊಂದು ಗುರುತಿನ ಚೀಟಿಯ ಜೆರಾಕ್ಸ್ ಬೇಕು. ಆಧಾರೇ ಆಗಬೇಕು ಅಂತಿಲ್ಲ. ವೋಟರ್ ಐಡಿ, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್, ಯಾವುದಾದರೂ ನಡೆಯುತ್ತದೆ. ತಾಯಿಯವರ ಹತ್ತಿರ ಹಳೇ ವೋಟರ್ ಐಡಿ ಇದೆ ಅಂದಿದ್ದಿರಿ, ಅದೇ ಸಾಕು. ಮಗುವಿನದು ಏನೂ ಬೇಡ. ನಿಮ್ಮ ಊರಿನ ವಿಳಾಸ ಇವುಗಳಲ್ಲಿ ಒಂದರಲ್ಲಾದರೂ ಇರಲಿ.

ಆಧಾರ್ ಕೊಡುವುದಾದರೆ ಮಾಸ್ಕ್ಡ್ ಆಧಾರ್ ಕೊಡಿ. ಅದರಲ್ಲಿ ನಂಬರಿನ ಕೊನೆಯ 4 ಅಂಕಿ ಮಾತ್ರ ಕಾಣುತ್ತವೆ, ಮೊದಲಿನ 8 ಮುಚ್ಚಿರುತ್ತವೆ. ಬಾಡಿಗೆಗೆ ಅಷ್ಟು ಸಾಕು. myaadhaar.uidai.gov.in ತೆರೆದು, ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಒಟಿಪಿ ಹಾಕಿ ಒಳಗೆ ಹೋಗಿ. ಡೌನ್‌ಲೋಡ್ ಮಾಡುವ ಕಡೆ ಮಾಸ್ಕ್ಡ್ ಬೇಕೇ ಅಂತ ಒಂದು ಚೌಕ ಇರುತ್ತದೆ, ಅದಕ್ಕೆ ಟಿಕ್ ಹಾಕಿ. ಬರುವ ಪಿಡಿಎಫ್‌ಗೆ ಪಾಸ್‌ವರ್ಡ್ ಇರುತ್ತದೆ. ಆಧಾರ್‌ನಲ್ಲಿರುವ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಕ್ಯಾಪಿಟಲ್‌ನಲ್ಲಿ, ಅದಕ್ಕೆ ಅಂಟಿಸಿ ಹುಟ್ಟಿದ ವರ್ಷ. ನೀವು 1991ರಲ್ಲಿ ಹುಟ್ಟಿದ್ದರೆ `MANJ1991` ಅಂತ ಆಗುತ್ತದೆ.

ಜೆರಾಕ್ಸ್ ಅಂಗಡಿಯಲ್ಲಿ ಸ್ವಲ್ಪ ಹುಷಾರಾಗಿರಿ. ಪ್ರಿಂಟ್ ಬೇಕು ಅಂದರೆ ಅಂಗಡಿಯವರು 'ವಾಟ್ಸಾಪ್ ಮಾಡಿ ಸರ್' ಅನ್ನುತ್ತಾರೆ. ಮಾಡಿದ ಫೈಲ್ ಅವರ ಕಂಪ್ಯೂಟರಿನಲ್ಲಿ ತಿಂಗಳುಗಟ್ಟಲೆ ಬಿದ್ದಿರುತ್ತದೆ. ಪ್ರಿಂಟ್ ಬಂದ ಮೇಲೆ ಎದುರಿಗೇ ಡಿಲೀಟ್ ಮಾಡಿಸಿ. ಬೇಜಾರಿದ್ದರೆ ಕಾರ್ಡ್ ತನ್ನಿ, ನಮ್ಮ ಮನೆಯಲ್ಲೇ ಮಗನ ಪ್ರಿಂಟರ್ ಇದೆ, ತೆಗೆದುಕೊಡುತ್ತಾನೆ.

ಪ್ರತಿ ಜೆರಾಕ್ಸಿನ ಮೇಲೂ ನೀವೇ ಪೆನ್ನಿನಲ್ಲಿ ಅಡ್ಡಲಾಗಿ 'ವಿದ್ಯಾನಗರದ ಮನೆ ಬಾಡಿಗೆಗೆ ಮಾತ್ರ' ಅಂತ ಬರೆದು, ತಾರೀಖು ಹಾಕಿ, ಸಹಿ ಮಾಡಿ. ಫೋಟೋ ಮುಖದ ಮೇಲೆ ಬರೆಯಬೇಡಿ, ಸ್ಟೇಷನ್ನಿನಲ್ಲಿ ಬೇರೆ ತನ್ನಿ ಅಂದಾರು. ಹೀಗೆ ಬರೆದ ಕಾಗದವನ್ನು ಇನ್ನೊಬ್ಬರು ಸಿಮ್ಮಿಗೋ ಸಾಲಕ್ಕೋ ಬಳಸುವುದು ಅಷ್ಟು ಸುಲಭ ಅಲ್ಲ. ನಾನು ಕೇಳಿದ್ದೇನೆ ಅಂತ ಸಂಕೋಚ ಬೇಡ, ಬೇರೆ ಎಲ್ಲೇ ಕೊಟ್ಟರೂ ಹೀಗೇ ಬರೆದು ಕೊಡಿ.

ಇದರ ಜೊತೆ ನಿಮ್ಮ, ಸುಮಾ ಅವರ ಪಾಸ್‌ಪೋರ್ಟ್ ಸೈಜ್ ಫೋಟೋ ಎರಡೆರಡು. ನಿಮ್ಮ ಕಂಪನಿಯ ಐಡಿ ಕಾರ್ಡಿನ ಜೆರಾಕ್ಸ್, ಇಲ್ಲಾಂದ್ರೆ ಟ್ರಾನ್ಸ್‌ಫರ್ ಆರ್ಡರ್. ಸಂಬಳ ಕಾಣುವ ಜಾಗ ಮಡಚಿ ಜೆರಾಕ್ಸ್ ಮಾಡಿಸಿದರೂ ನಡೆಯುತ್ತದೆ. ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಜಾತಿ ಆದಾಯ ಪ್ರಮಾಣಪತ್ರ ಇವೆಲ್ಲ ನನಗೆ ಬೇಡ. ಯಾವ ಕಾರ್ಡಿನ ಒರಿಜಿನಲ್ಲೂ ಇಟ್ಟುಕೊಳ್ಳುವುದಿಲ್ಲ, ಒಂದು ಸಲ ನೋಡಿ ಅಲ್ಲೇ ವಾಪಸ್ ಕೊಡುತ್ತೇನೆ.

ಇನ್ನು ಪೊಲೀಸ್ ಫಾರಂ. ನಮ್ಮ ಏರಿಯಾದ ಠಾಣೆಯಿಂದ ನಾನೇ ತಂದು ಎರಡು ಜೆರಾಕ್ಸ್ ಮಾಡಿಸಿ ಇಟ್ಟಿದ್ದೇನೆ. ನೋಡಿದರೆ ನಿಮಗೇ ಅನ್ನಿಸುತ್ತದೆ, ಇದರಲ್ಲಿ ಹೆದರುವಂಥದ್ದು ಏನಿದೆ ಅಂತ. ಮೇಲೆ ಮನೆ ಮಾಲೀಕರ ಹೆಸರು, ವಿಳಾಸ, ಅದನ್ನು ನಾನೇ ತುಂಬಿದ್ದೇನೆ. ಕೆಳಗೆ ನಿಮ್ಮ ಹೆಸರು, ತಂದೆ ಹೆಸರು, ಊರಿನ ಕಾಯಂ ವಿಳಾಸ, ಇದಕ್ಕೆ ಮೊದಲು ಇದ್ದ ಮನೆಯ ವಿಳಾಸ, ಕೆಲಸ ಮಾಡುವ ಜಾಗ, ಮೊಬೈಲ್, ಗಾಡಿ ನಂಬರ್. ಜೊತೆಗೆ ಇರುವವರ ಹೆಸರು, ವಯಸ್ಸು, ಸಂಬಂಧ. ನಿಮ್ಮನ್ನು ಬಲ್ಲ ಇಬ್ಬರ ಹೆಸರು, ನಂಬರ್ ಕೇಳುತ್ತದೆ. ಒಬ್ಬರು ಊರಿನವರು, ಇನ್ನೊಬ್ಬರು ಆಫೀಸಿನವರು ಆದರೆ ಒಳ್ಳೆಯದು. ಅವರ ಹೆಸರು ಬರೆಯುವ ಮೊದಲು ಒಂದು ಮಾತು ಹೇಳಿಬಿಡಿ. ದಿಢೀರ್ ಅಂತ ಸ್ಟೇಷನ್ನಿನಿಂದ ಫೋನ್ ಬಂದರೆ ಪಾಪ ಅವರೂ ಗಾಬರಿಯಾಗುತ್ತಾರೆ.

ಇಲ್ಲಿ ಒಂದು ವಿಷಯ ಮುಖ್ಯ. ಮನೆ ನೋಡಲು ಬಂದ ದಿನ ನಿಮ್ಮ ತಮ್ಮ ಇಲ್ಲಿ ಕಾಲೇಜು ಸೇರುವ ವಿಚಾರ ಇದೆ, ಆಗಾಗ ಬಂದು ಹೋಗುತ್ತಾನೆ ಅಂದಿರಿ. ಬರಲಿ, ಇರಲಿ, ನನ್ನದೇನೂ ತಕರಾರಿಲ್ಲ. ವಾರಕ್ಕೆರಡು ದಿನ ಬಂದು ಊಟ ಮಾಡಿ ಮಲಗಿ ಹೋದರೆ ಅವನು ನೆಂಟ. ಆದರೆ ಬಟ್ಟೆ, ಪುಸ್ತಕ ಎಲ್ಲ ಇಲ್ಲೇ ಇಟ್ಟು ಇಲ್ಲಿಂದಲೇ ಕಾಲೇಜಿಗೆ ಹೋಗುವುದಾದರೆ ಅವನ ಹೆಸರೂ ಫಾರಂನಲ್ಲಿ ಬರಬೇಕು, ಐಡಿ ಜೆರಾಕ್ಸೂ ಬೇಕು. ಆಮೇಲೆ ಸೇರಿಸಿದರೂ ಆಗುತ್ತದೆ, ಸೇರಿದ ವಾರದಲ್ಲೇ ನನಗೆ ತಿಳಿಸಿ. ಅವನ ಜೊತೆ ಇನ್ನೊಬ್ಬ ಸ್ನೇಹಿತ ಬಂದು ಉಳಿಯುವುದು ಮಾತ್ರ ಬೇಡ. ಈ ಬೀದಿಯಲ್ಲಿ ಹಾಗೆ ಒಬ್ಬರಿದ್ದ ಮನೆ ಆರು ಜನರ ರೂಮಾಗಿ, ರಾತ್ರಿಯೆಲ್ಲ ಗಲಾಟೆ ನೋಡಿದ್ದೇವೆ. ಸುಮಾ ಅವರಿಗೂ ಅದು ಹಿಂಸೆಯೇ.

ತುಂಬಿದ ಫಾರಂ ಕೊಡಲು ನೀವು ಸ್ಟೇಷನ್ನಿಗೆ ಬರಬೇಕಾಗಿಲ್ಲ. ನಾನೇ ಹೋಗಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಂಡು ಬರುತ್ತೇನೆ. ಅದರ ಒಂದು ಜೆರಾಕ್ಸ್ ನಿಮಗೂ ಕೊಡುತ್ತೇನೆ. ಮುಂದೆ ಒಂದು ದಿನ ಬೀಟ್ ಪೊಲೀಸರು ಬಂದು ಇಲ್ಲೇ ಇದ್ದೀರಾ ಅಂತ ವಿಚಾರಿಸಬಹುದು. ಊರಿನ ಠಾಣೆಯಿಂದ ನಿಮ್ಮ ಮನೆಗೆ ಫೋನ್ ಹೋಗಲೂಬಹುದು, ನಿಮ್ಮ ಅಣ್ಣನವರಿಗೆ ಮೊದಲೇ ತಿಳಿಸಿರಿ. ಯಾರೇ ಬಂದರೂ ನನ್ನನ್ನು ಕರೆಯಿರಿ, ಕೆಳಗಡೆಯೇ ಇರುತ್ತೇನೆ.

ಒಟಿಪಿ ಬಗ್ಗೆ ಒಂದು ಮಾತು. ನಾನಾಗಲಿ, ನನ್ನ ಮಗನಾಗಲಿ ಯಾವತ್ತೂ ನಿಮ್ಮ ಒಟಿಪಿ ಕೇಳುವುದಿಲ್ಲ. ವೆರಿಫಿಕೇಶನ್‌ಗೆ ಅಂತ ಹೇಳಿ ಯಾರಾದರೂ ಫೋನಿನಲ್ಲಿ ಕೇಳಿದರೆ ಕಟ್ ಮಾಡಿ. ಗೃಹಜ್ಯೋತಿಗೆ ನಿಮ್ಮ ಆಧಾರ್ ಜೋಡಿಸಬೇಕು, ಅದನ್ನೂ ನೀವೇ ಸೇವಾಸಿಂಧುವಿನಲ್ಲಿ ಮಾಡಿಕೊಳ್ಳಿ. ಹಿಂದಿನವರು ತಮ್ಮ ಜೋಡಣೆ ತೆಗೆಸಿ ಹೋಗಿದ್ದಾರೆ. ಬೆಸ್ಕಾಂ ಬಿಲ್ಲಿನ ಅಕೌಂಟ್ ಐಡಿ ಬರೆದುಕೊಡುತ್ತೇನೆ.

ಇಷ್ಟೆಲ್ಲ ನಿಮ್ಮಿಂದ ಕೇಳಿದ ಮೇಲೆ ನನ್ನ ಕಾಗದವನ್ನೂ ನೀವು ನೋಡಬೇಕು. ಓನರ್ ಅಂತ ಹೇಳಿಕೊಂಡು ಯಾರದೋ ಮನೆ ತೋರಿಸಿ ಅಡ್ವಾನ್ಸ್ ಹೊಡೆಯುವವರೂ ಇದ್ದಾರೆ. ಮಹಾನಗರ ಪಾಲಿಕೆಗೆ ಕಟ್ಟಿದ ಈ ವರ್ಷದ ಕಂದಾಯದ ರಸೀದಿ, ಖಾತೆ ನಕಲು, ಕರೆಂಟ್ ಬಿಲ್ ಮೂರನ್ನೂ ಕರಾರಿನ ದಿನ ಮೇಜಿನ ಮೇಲೆ ಇಡುತ್ತೇನೆ. ನನ್ನ ಆಧಾರ್ ಜೆರಾಕ್ಸೂ ಕೊಡುತ್ತೇನೆ, ಅದರ ಮೇಲೆ ನಾನೂ ಅಡ್ಡಲಾಗಿ ಬರೆಯುತ್ತೇನೆ, ಬೇಜಾರಾಗಬೇಡಿ! ಪ್ಯಾನ್ ನಂಬರ್ ಕೂಡ ಬರೆದಿಟ್ಟುಕೊಳ್ಳಿ. ತಿಂಗಳಿಗೆ ₹11,000 ಅಂದರೆ ವರ್ಷಕ್ಕೆ ₹1,32,000 ಆಗುತ್ತದೆ. ಬಾಡಿಗೆ ವರ್ಷಕ್ಕೆ ಒಂದು ಲಕ್ಷ ದಾಟಿದರೆ ಎಚ್‌ಆರ್‌ಎ ವಿನಾಯಿತಿಗೆ ನಿಮ್ಮ ಆಫೀಸಿನವರು ಓನರ್ ಪ್ಯಾನ್ ಕೇಳುತ್ತಾರೆ. ಮಾರ್ಚ್ ತಿಂಗಳಲ್ಲಿ ಓಡಾಡುವುದಕ್ಕಿಂತ ಈಗಲೇ ಇರಲಿ.

ಕರಾರು 11 ತಿಂಗಳಿಗೆ, ಇ-ಸ್ಟಾಂಪ್ ಪೇಪರಿನ ಮೇಲೆ. ಒಂದು ವರ್ಷಕ್ಕಿಂತ ಹೆಚ್ಚಿನದಾದರೆ 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಬೇಕು, ಅದಕ್ಕೇ ಎಲ್ಲರೂ 11 ಅಂತಲೇ ಬರೆಸುವುದು. ನಿಮ್ಮನ್ನು ಹನ್ನೊಂದನೇ ತಿಂಗಳಿಗೆ ಎಬ್ಬಿಸುತ್ತೇನೆ ಅಂತಲ್ಲ. ಕರಡು ನಾಳೆ ಕಳಿಸುತ್ತೇನೆ. ನಿಧಾನವಾಗಿ ಓದಿ, ಏನಾದರೂ ಒಪ್ಪಿಗೆ ಇಲ್ಲದಿದ್ದರೆ ಹೇಳಿ.

ನೀವು ಕೊಡುವ ಜೆರಾಕ್ಸ್‌ಗಳು ಒಂದು ಫೈಲಿನಲ್ಲಿ ನನ್ನ ಬೀರುವಿನಲ್ಲಿ ಇರುತ್ತವೆ. ಫೋಟೋ ತೆಗೆದು ಗ್ರೂಪಿಗೆ ಹಾಕುವುದು, ಬ್ರೋಕರಿಗೆ ಕಳಿಸುವುದು ಇಲ್ಲವೇ ಇಲ್ಲ. ನೀವು ಮನೆ ಬಿಡುವ ದಿನ ಅಡ್ವಾನ್ಸ್ ಜೊತೆ ಆ ಫೈಲನ್ನೂ ವಾಪಸ್ ಕೊಡುತ್ತೇನೆ.

ಜೂನ್ 1ಕ್ಕೆ ಹಾಲು ಉಕ್ಕಿಸುತ್ತೀರಿ. ಅದಕ್ಕೆ ಎರಡು ದಿನ ಮುಂಚೆ, ಮೇ 30ರ ಬೆಳಿಗ್ಗೆ ಹತ್ತರ ಹೊತ್ತಿಗೆ ಬಂದರೆ ಫಾರಂ, ಕರಾರು ಎರಡೂ ಒಂದೇ ಸಲ ಮುಗಿಯುತ್ತವೆ. ಕೀ ಅವತ್ತೇ ಕೊಡುತ್ತೇನೆ. ತಾಯಿಯವರನ್ನು ಅವತ್ತು ಕರೆತರುವ ಅಗತ್ಯವಿಲ್ಲ, ಬಿಸಿಲು ಜಾಸ್ತಿ. ಫಾರಂನಲ್ಲಿ ಅವರ ಸಹಿ ಬೇಕಾಗಿಲ್ಲ. ಯಾವುದಾದರೂ ಕಾಗದ ಆ ದಿನಕ್ಕೆ ಸಿಗದಿದ್ದರೆ ಅದೊಂದಕ್ಕಾಗಿ ಬರುವುದನ್ನು ಮುಂದಕ್ಕೆ ಹಾಕಬೇಡಿ. ನಿಮ್ಮದೊಂದು ಐಡಿ, ಫಾರಂ ಎರಡು ಇದ್ದರೆ ಮನೆಗೆ ಬನ್ನಿ, ಉಳಿದದ್ದು ಹದಿನೈದು ದಿನದಲ್ಲಿ ಕೊಡಿ.

ಬಂದಾಗ ತಿಂಡಿ ಮಾಡಿಕೊಂಡು ಬರಬೇಡಿ. ಬೆಣ್ಣೆ ದೋಸೆ ತರಿಸುತ್ತೇನೆ.

ಸಾಮಾನಿನ ಗಾಡಿ ದೊಡ್ಡದಾದರೆ ನಮ್ಮ ಕ್ರಾಸಿನೊಳಗೆ ತಿರುಗುವುದಿಲ್ಲ, ಹಿಂದಿನ ರಸ್ತೆಯಿಂದ ಬರಲು ಡ್ರೈವರಿಗೆ ಹೇಳಿ. ಗೇಟಿನ ಮುಂದೆ ನಿಲ್ಲಿಸಿರುವ ನನ್ನ ಸ್ಕೂಟರ್ ಅವತ್ತು ತೆಗೆದಿರುತ್ತೇನೆ.

ಇಂತಿ,
ಬಸವರಾಜಪ್ಪ
ವಿದ್ಯಾನಗರ, ದಾವಣಗೆರೆ